ಬಡ್ಡಿ ಸರ್ಟಿಫಿಕೇಟ್‌ನ ಫೋಟೋದಲ್ಲಿ ಒಂದು ಮೊತ್ತ, ರಿಟರ್ನ್‌ನಲ್ಲಿ ಇನ್ನೊಂದು: ಯಾವುದು ಸರಿ?

ಪ್ರಶ್ನೆ: ನನಗೆ 46 ವರ್ಷ. 2024–25ರ ರಿಟರ್ನ್ ಹಳೆಯ ಪದ್ಧತಿಯಲ್ಲಿ ನಾನೇ ಸಲ್ಲಿಸಿದ್ದೇನೆ. ಎಫ್‌ಡಿ ಬಡ್ಡಿ 48,026 ಅಂತ ಪೋರ್ಟಲ್‌ನಲ್ಲೇ ತುಂಬಿ ಬಂದಿತ್ತು, ಹಾಗೇ ಬಿಟ್ಟೆ. ಎಸ್‌ಬಿ ಖಾತೆಯ ಬಡ್ಡಿ 6,381 ಅಂತ ಕೈಯಿಂದ ಹಾಕಿದೆ. ಈಗ ತಮ್ಮ ಬ್ಯಾಂಕಿಗೆ ಹೋಗಿ ಬಡ್ಡಿ ಸರ್ಟಿಫಿಕೇಟ್ ತೆಗೆಸಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾನೆ. ಒಟ್ಟು ಮೊತ್ತದ ಕೊನೆಯ ಸಾಲು ಫೋಟೋದಲ್ಲಿ ಬಂದಿಲ್ಲ. ನಾನೇ ಕೂಡಿದರೆ ಎಫ್‌ಡಿ ಬಡ್ಡಿ 71,902 ಆಗುತ್ತೆ. ಎಸ್‌ಬಿ ಬಡ್ಡಿ 6,831 ಅಂತ ಕಾಣುತ್ತೆ. ಸುಮಾರು 24 ಸಾವಿರ ಆದಾಯ ಮುಚ್ಚಿಟ್ಟ ಹಾಗಾಯ್ತಾ? ನೋಟಿಸ್ ಬರುತ್ತಾ? ಸರ್ಟಿಫಿಕೇಟ್, ಪಾಸ್‌ಬುಕ್ ಎರಡರ ಫೋಟೋ ಕಳಿಸಿದ್ದೇನೆ.

ಉತ್ತರ: ಎಫ್‌ಡಿ ವಿಷಯದಲ್ಲಿ ನಿಮ್ಮ ರಿಟರ್ನ್ ಸರಿಯಾಗಿಯೇ ಇದೆ ಅಂತ ಕಾಣುತ್ತೆ. ತಪ್ಪಾಗಿರುವುದು ಫೋಟೋ ಓದಿದ ರೀತಿಯಲ್ಲಿ. ಎಸ್‌ಬಿ ಬಡ್ಡಿಯಲ್ಲಿ ಮಾತ್ರ ರಿಟರ್ನ್‌ನಲ್ಲೇ ಸಣ್ಣ ತಪ್ಪಿದೆ. ಅದನ್ನು ಸರಿಮಾಡಬಹುದು, ಹೆದರುವಂಥದ್ದೇನಲ್ಲ. ಆದರೆ "ಸರಿ ಇದೆ" ಅಂತ ನಾನು ಹೇಳಿದ ಮಾತ್ರಕ್ಕೆ ಸುಮ್ನೆ ಬಿಡಬೇಡಿ. ಹೋದ ವರ್ಷದ, ಅಂದರೆ 2023–24ರ ರಿಟರ್ನ್‌ನಲ್ಲಿ ಒಂದು ಅಂಕಿ ನೋಡಲೇಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀವು ಕಳಿಸಿದ ಫೋಟೋದಲ್ಲಿರುವುದನ್ನು ಇಲ್ಲಿ ಬರೆದುಕೊಳ್ಳೋಣ. ಅಂಕಿಗಳನ್ನು ನೀವು ಓದಿದ ಹಾಗೇ ಇಟ್ಟಿದ್ದೇನೆ. ಅಕ್ರೂಡ್ ಎಂದರೆ ಹುಟ್ಟಿದ, ಆದರೆ ಇನ್ನೂ ಕೈಗೆ ಬಾರದ ಬಡ್ಡಿ; ಟಿಡಿಎಸ್ ಎಂದರೆ ಬ್ಯಾಂಕ್ ಮೊದಲೇ ಹಿಡಿದುಕೊಳ್ಳುವ ತೆರಿಗೆ.

| ಠೇವಣಿ | ಪಾವತಿಯಾದ ಬಡ್ಡಿ | ಅಕ್ರೂಡ್ ಬಡ್ಡಿ | ಟಿಡಿಎಸ್ |
|---|---|---|---|
| 1. ಐದು ಲಕ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ | 35,000 | 0 | 3,500 |
| 2. ಮೂರು ಲಕ್ಷ, 1 ಅಕ್ಟೋಬರ್ 2024ರಂದು ಇಟ್ಟದ್ದು | 0 | 10,592 | 1,059 |
| 3. ಎರಡು ಲಕ್ಷ, 1 ಜೂನ್ 2024ರಂದು ಅವಧಿ ಮುಗಿದದ್ದು | 14,372 | 11,938 | 243 |

ಎರಡೂ ಬಡ್ಡಿ ಕಾಲಂಗಳನ್ನು ಕೂಡಿದರೆ ನಿಮ್ಮ 71,902 ಬರುತ್ತೆ. ರಿಟರ್ನ್‌ನಲ್ಲಿರುವುದು 48,026. ವ್ಯತ್ಯಾಸ 23,876. ಇದನ್ನು ಎರಡರಿಂದ ಭಾಗಿಸಿ ನೋಡಿ: 11,938. ಮೂರನೇ ಸಾಲಿನ ಅಕ್ರೂಡ್ ಬಡ್ಡಿ ಅಲ್ವಾ? ವ್ಯತ್ಯಾಸದ ಸರಿಯಾದ ಅರ್ಧ ಪಟ್ಟಿಯಲ್ಲೇ ಸಿಕ್ಕಿತು ಅಂದರೆ, ಕಳೆಯಬೇಕಾದ ಸಂಖ್ಯೆಯನ್ನು ಕೂಡಿದ್ದೀರಿ ಅಂತ ಬಹುಮಟ್ಟಿಗೆ ಹೇಳಬಹುದು. ಲೆಕ್ಕ ತಾಳೆ ನೋಡುವವರು ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು.

ಇಷ್ಟು ಗೊತ್ತಾದ ಮೇಲೆ ಫೋಟೋವನ್ನು ಮತ್ತೆ ನೋಡಿ. 11,938ರ ಎಡಗಡೆ ಕಾಲಂನ ನಿಂತ ಗೆರೆ ಇದೆ. ಅದಕ್ಕೆ ಅಂಟಿಕೊಂಡ ಹಾಗೆ ಸ್ವಲ್ಪ ಬಾಗಿದ ಇನ್ನೊಂದು ಮಸುಕು ಗೆರೆ ಇದೆ. ಬಲಗಡೆ ಕೊನೆಯ 8ರ ಹೊಟ್ಟೆಗೆ ತಾಗಿ ಒಂದು ಚೂರು ಕಮಾನು ಇದೆ. ಅವೆರಡೂ ಬ್ರಾಕೆಟ್‌ಗಳು. ಬ್ಯಾಂಕಿನ ಲೆಕ್ಕದಲ್ಲಿ ಬ್ರಾಕೆಟ್ ಒಳಗಿನ ಸಂಖ್ಯೆ ಎಂದರೆ ಮೈನಸ್. ಕೆಲವು ಬ್ಯಾಂಕುಗಳು ಮೈನಸ್ ಗುರುತನ್ನೇ ಹಾಕುತ್ತವೆ, ಅದೂ ಸಂಖ್ಯೆಯ ಹಿಂದೆ ಇರಬಹುದು, ಮುಂದೆ ಇರಬಹುದು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತೆ. ಆಗ ಮೊದಲು ಮಾಯವಾಗುವುದು ಇಂಥ ತೆಳು ಗೆರೆಗಳೇ. ದಪ್ಪ ಅಂಕಿ ಉಳಿಯುತ್ತೆ, ಅದರ ಅರ್ಥ ಬದಲಿಸುವ ಗುರುತು ಹೋಗುತ್ತೆ. ಫೋಟೋದಿಂದ ಅಕ್ಷರ ಎತ್ತಿಕೊಡುವ ಆ್ಯಪ್‌ಗಳಲ್ಲೂ ಬ್ರಾಕೆಟ್ ಬಿಟ್ಟುಹೋಗುವುದು, ಕಾಮಾ ಚುಕ್ಕೆಯಾಗುವುದು ಉಂಟು.

ಮೈನಸ್ ಅಂತ ಓದಿದರೆ ಲೆಕ್ಕ ಹೀಗಾಗುತ್ತೆ. ಪಾವತಿಯಾದದ್ದು 35,000 ಮತ್ತು 14,372, ಒಟ್ಟು 49,372. ಅಕ್ರೂಡ್ 10,592ರಲ್ಲಿ 11,938 ಕಳೆದರೆ ಮೈನಸ್ 1,346. ಎರಡೂ ಸೇರಿ 48,026. ರಿಟರ್ನ್‌ನಲ್ಲಿ ಇರುವುದೂ ಅದೇ.

ಬಡ್ಡಿ ಮೈನಸ್ ಹೇಗಾಗುತ್ತೆ?

ಇದು ತುಂಬ ಜನರನ್ನು ಗಲಿಬಿಲಿಗೊಳಿಸುವ ಜಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಡ್ಡಿ ಕೈಗೆ ಬಂದಾಗ ಮಾತ್ರ ಬ್ಯಾಂಕ್ ಲೆಕ್ಕ ಹಾಕುತ್ತೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಅವಧಿ ಮುಗಿದಾಗಲೇ ಎಲ್ಲಾ ಹಣ ಕೊಡುವ ಎಫ್‌ಡಿಯಲ್ಲೂ ಮಾರ್ಚ್ 31ಕ್ಕೆ ಅಲ್ಲಿಯವರೆಗೆ ಹುಟ್ಟಿದ ಬಡ್ಡಿಯನ್ನು ಬ್ಯಾಂಕ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ. ಅದರ ಮೇಲೆ ಟಿಡಿಎಸ್ ಹಿಡಿಯುತ್ತೆ, ಇಲಾಖೆಗೂ ತಿಳಿಸುತ್ತೆ. ಇದೇ ಅಕ್ರೂಡ್ ಬಡ್ಡಿ. ಹುಟ್ಟಿದೆ, ನಿಮ್ಮ ಕೈಗೆ ಇನ್ನೂ ಬಂದಿಲ್ಲ.

ನಿಮ್ಮ ಮೂರನೇ ಎಫ್‌ಡಿ 1 ಜೂನ್ 2023ರಂದು ಇಟ್ಟದ್ದು. ಎರಡು ಲಕ್ಷಕ್ಕೆ ಶೇ 7ರಂತೆ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ ಒಂದು ವರ್ಷಕ್ಕೆ 14,372 ಬಂದಿದೆ. ಇದರಲ್ಲಿ 31 ಮಾರ್ಚ್ 2024ರವರೆಗಿನ ಹತ್ತು ತಿಂಗಳ ಪಾಲು 11,938. ಅದು ಹೋದ ವರ್ಷದ ಸರ್ಟಿಫಿಕೇಟ್‌ನಲ್ಲಿ ಅಕ್ರೂಡ್ ಕಾಲಂನಲ್ಲಿ ಆಗಲೇ ಬಂದಿರಬೇಕು. 1 ಜೂನ್ 2024ಕ್ಕೆ ಅವಧಿ ಮುಗಿದಾಗ ಬ್ಯಾಂಕ್ ಪೂರ್ತಿ 14,372 ಕೊಟ್ಟಿತು. ಅದಕ್ಕೇ ಈ ವರ್ಷ ಪಾವತಿ ಕಾಲಂನಲ್ಲಿ ಪೂರ್ತಿ ಮೊತ್ತ ಇದೆ. ಆದರೆ ಅದರಲ್ಲಿ ಹತ್ತು ತಿಂಗಳ ಪಾಲು ಹೋದ ವರ್ಷದ್ದು. ಅದೇ ಹಣವನ್ನು ಎರಡು ಸಲ ಎಣಿಸಬಾರದು ಅಂತ ಅಕ್ರೂಡ್ ಕಾಲಂನಲ್ಲಿ ಕಳೆದಿದ್ದಾರೆ. ಉಳಿದದ್ದು 2,434, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳ ಬಡ್ಡಿ.

ಎಲ್ಲಾ ಬ್ಯಾಂಕುಗಳೂ ಹೀಗೆ ಬಿಡಿಸಿ ತೋರಿಸುವುದಿಲ್ಲ. ಕೆಲವರು ನೇರವಾಗಿ 2,434 ಅಂತ ಒಂದೇ ಸಂಖ್ಯೆ ಕೊಡುತ್ತಾರೆ. ಇನ್ನು ಕೆಲವರು ಪಾವತಿಯಾದದ್ದನ್ನು ಪೂರ್ತಿ ತೋರಿಸಿ, ಹೋದ ವರ್ಷದ ಅಕ್ರೂಡ್ ಕಳೆಯುವುದನ್ನು ಓದುವವರಿಗೇ ಬಿಡುತ್ತಾರೆ. ಆಗ ಹೋದ ವರ್ಷದ ಸರ್ಟಿಫಿಕೇಟನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಬ್ರಾಕೆಟ್ ಅಂತ ನಾನು ಊಹಿಸಿದ್ದೇ ತಪ್ಪಿದ್ದರೆ?

ಈ ಅನುಮಾನ ಬರಬೇಕು. ಮಸುಕು ಫೋಟೋದಲ್ಲಿ ಬೇಕಾದದ್ದು ಕಾಣುತ್ತೆ. ಹಾಗಾಗಿ ಕಣ್ಣನ್ನು ನಂಬದೆ ಅದೇ ಸಾಲಿನ ಇನ್ನೊಂದು ಅಂಕಿಯನ್ನು ಕೇಳಬೇಕು. ಇಲ್ಲಿ ಆ ಕೆಲಸ ಮಾಡುವುದು ಟಿಡಿಎಸ್ ಕಾಲಂ.

2024–25ರಲ್ಲಿ 60 ವರ್ಷದೊಳಗಿನವರಿಗೆ ಒಂದು ಬ್ಯಾಂಕಿನ ಠೇವಣಿ ಬಡ್ಡಿ 40,000 ದಾಟಿದರೆ ಶೇ 10 ಟಿಡಿಎಸ್. ಹಿರಿಯ ನಾಗರಿಕರಿಗೆ ಮಿತಿ 50,000 ಇತ್ತು. 1 ಏಪ್ರಿಲ್ 2025ರಿಂದ ಇವು 50,000 ಮತ್ತು ಒಂದು ಲಕ್ಷ ಆಗಿವೆ. ಮುಂದಿನ ಸರ್ಟಿಫಿಕೇಟ್ ನೋಡುವಾಗ ಇದು ನೆನಪಿರಲಿ. ಮೂರನೇ ಸಾಲಿನ ಟಿಡಿಎಸ್ 243. ಅಂದರೆ ಬ್ಯಾಂಕ್ ಈ ವರ್ಷ ಆ ಎಫ್‌ಡಿಯಲ್ಲಿ ಎಣಿಸಿದ ಬಡ್ಡಿ ಸುಮಾರು 2,430. ಅದು 14,372 ಆಗಿದ್ದರೆ ಟಿಡಿಎಸ್ 1,437 ಇರಬೇಕಿತ್ತು. ನೀವು ಕೂಡಿದ ಹಾಗೆ 26,310 ಆಗಿದ್ದರೆ 2,631. 243 ಎಂಬ ಅಂಕಿ ಹೊಂದುವುದು 2,434ಕ್ಕೆ ಮಾತ್ರ. ಮೂರೂ ಸಾಲಿನ ಟಿಡಿಎಸ್ ಕೂಡಿದರೆ 4,802. ಅದರ ಹತ್ತರಷ್ಟು 48,020. ಆರು ರೂಪಾಯಿಯ ವ್ಯತ್ಯಾಸ ಪೈಸೆಗಳನ್ನು ಬಿಟ್ಟದ್ದರಿಂದ ಬಂದದ್ದು.

ಇದೇ ಪರೀಕ್ಷೆ ಎರಡನೇ ಸಾಲಿಗೂ ಉಪಯೋಗಕ್ಕೆ ಬಂತು. ನಿಮ್ಮ ಫೋಟೋದಲ್ಲಿ ಅದು 10,592ನೋ 10,692ನೋ ಅಂತ ನನಗೂ ಮೊದಲು ಖಚಿತವಾಗಲಿಲ್ಲ, 5ರ ಕೆಳಗಿನ ಬಾಗು ಮುಚ್ಚಿಹೋಗಿದೆ. ಪಕ್ಕದ ಟಿಡಿಎಸ್ 1,059 ಅಂತ ಸ್ಪಷ್ಟವಾಗಿ ಇದೆ. ಹಾಗಾಗಿ 10,592. ಬೇಕಿದ್ದರೆ ಅಸಲಿನಿಂದಲೂ ನೋಡಿ. ಮೂರು ಲಕ್ಷಕ್ಕೆ ಶೇ 7ರಂತೆ ಮೊದಲ ಮೂರು ತಿಂಗಳಿಗೆ 5,250, ಅದು ಅಸಲಿಗೆ ಸೇರಿದ ಮೇಲೆ ಮುಂದಿನ ಮೂರು ತಿಂಗಳಿಗೆ 5,342. ಎರಡೂ ಸೇರಿ 10,592.

ಟಿಡಿಎಸ್ ಪರೀಕ್ಷೆ ಎಲ್ಲಾ ಕಡೆ ನಡೆಯುವುದಿಲ್ಲ. ಟಿಡಿಎಸ್ ಹಿಡಿಯಬೇಡಿ ಅಂತ ಬ್ಯಾಂಕಿಗೆ 15ಜಿ ಅಥವಾ 15ಎಚ್ ಫಾರಂ ಕೊಟ್ಟಿದ್ದರೆ, ಬಡ್ಡಿ ಮಿತಿಯೊಳಗೇ ಇದ್ದರೆ ಆ ಕಾಲಂ ಖಾಲಿ ಇರುತ್ತೆ. ಪಾನ್ ಕೊಟ್ಟಿರದಿದ್ದರೆ ಶೇ 20 ಹಿಡಿದಿರುತ್ತಾರೆ. ಆಗ ಅಸಲು, ದರ, ದಿನ ಇಟ್ಟುಕೊಂಡು ಲೆಕ್ಕ ಹಾಕುವುದೇ ದಾರಿ. ಹಾಗೆಯೇ ಟಿಡಿಎಸ್ ಹಿಡಿದಿಲ್ಲ ಅಂದರೆ ತೆರಿಗೆ ಇಲ್ಲ ಅಂತ ಎಷ್ಟೋ ಜನ ನಂಬಿಕೊಂಡಿದ್ದಾರೆ. ಅದು ತಪ್ಪು. ಟಿಡಿಎಸ್ ಇರಲಿ ಬಿಡಲಿ, ಬಡ್ಡಿ ಪೂರ್ತಿ ಆದಾಯವೇ.

ಇದರ ಜೊತೆಗೆ ಬರುವ ಇನ್ನೊಂದು ತಪ್ಪು ಖಾತೆಗೆ ಬಿದ್ದ ಹಣವನ್ನೇ ಬಡ್ಡಿ ಅಂದುಕೊಳ್ಳುವುದು. ನಿಮ್ಮ ಮೊದಲನೇ ಎಫ್‌ಡಿಗೆ ಮೂರು ತಿಂಗಳಿಗೊಮ್ಮೆ 8,750 ಬಡ್ಡಿ. ಶೇ 10 ಹಿಡಿದ ಮೇಲೆ ನಿಮಗೆ ದಕ್ಕುವುದು 7,875. ರಿಟರ್ನ್‌ನಲ್ಲಿ ತೋರಿಸಬೇಕಾದದ್ದು 8,750. ಹಿಡಿದ 875ನ್ನು ಟಿಡಿಎಸ್ ಭಾಗದಲ್ಲಿ ಬೇರೆಯಾಗಿ ಪಡೆಯುತ್ತೀರಿ. ನೀವು ಇದನ್ನು ಸರಿಯಾಗಿಯೇ ಮಾಡಿದ್ದೀರಿ.

ಎಸ್‌ಬಿ ಬಡ್ಡಿ: 6,381 ಅಥವಾ 6,831?

ಇಲ್ಲಿ ವ್ಯತ್ಯಾಸ 450. ಇದು 9ರಿಂದ ಸರಿಯಾಗಿ ಭಾಗವಾಗುತ್ತೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತೆ. ಇಲ್ಲಿ 3 ಮತ್ತು 8 ಜಾಗ ಬದಲಿಸಿವೆ. ಅಂಕಿ ಮಸುಕಾಗಿ 3 ಅನ್ನು 8 ಅಂತ ಓದಿದ್ದರೆ ಬರೀ ಒಂದು ಅಂಕಿ ಬದಲಾಗುತ್ತಿತ್ತು. ಎರಡೂ ಒಟ್ಟಿಗೆ ಅದಲುಬದಲಾಗಿವೆ ಅಂದರೆ ಟೈಪ್ ಮಾಡುವಾಗ ಆದದ್ದು ಅಂತ ಅನ್ನಿಸುತ್ತೆ.

ಪಾಸ್‌ಬುಕ್ ಇದನ್ನು ಇತ್ಯರ್ಥ ಮಾಡುತ್ತೆ. ನಿಮ್ಮ ಪುಟದಲ್ಲಿ ವರ್ಷದೊಳಗೆ ನಾಲ್ಕು ಸಲ ಬಡ್ಡಿ ಜಮಾ ಆಗಿದೆ: 1,702, 1,655, 1,688, 1,786. ಕೂಡಿದರೆ 6,831. ಸರ್ಟಿಫಿಕೇಟ್ ಸರಿ, ರಿಟರ್ನ್‌ನಲ್ಲಿ ತಪ್ಪು. ಎಸ್‌ಬಿ ಬಡ್ಡಿಗೆ ಟಿಡಿಎಸ್ ಇಲ್ಲ. ಹಾಗಾಗಿ ಟಿಡಿಎಸ್ ವಿವರ ತೋರಿಸುವ 26ಎಎಸ್‌ನಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಆದಾಯದ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿಯಾದ ಎಐಎಸ್‌ನಲ್ಲಿ ಉಳಿತಾಯ ಖಾತೆಯ ಬಡ್ಡಿ ಅಂತ ಬೇರೆಯೇ ಸಾಲಿರುತ್ತೆ, ಅಲ್ಲಿ ನೋಡಿ.

ಇದರಿಂದ ನಿಮಗೆ ತೆರಿಗೆ ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ 80ಟಿಟಿಎ ಅಡಿ ಉಳಿತಾಯ ಖಾತೆಯ ಬಡ್ಡಿಗೆ 10,000ದವರೆಗೆ ಕಡಿತ ಇದೆ. ಆದಾಯದಲ್ಲಿ 450 ಏರಿದರೆ ಕಡಿತದಲ್ಲೂ 450 ಏರುತ್ತೆ. ಹೊಸ ಪದ್ಧತಿಯವರಿಗೆ ಈ ಕಡಿತ ಇಲ್ಲ, ಅವರಿಗೆ ಪೂರ್ತಿ 6,831 ಆದಾಯಕ್ಕೆ ಸೇರುತ್ತಿತ್ತು. ಒಂದು ಎಚ್ಚರಿಕೆ ಮಾತ್ರ: 80ಟಿಟಿಎ ಎಫ್‌ಡಿ ಬಡ್ಡಿಗೆ ಅಲ್ಲ. ಅದಕ್ಕೇ ಎರಡೂ ಬಡ್ಡಿಗಳನ್ನು ಒಂದೇ ಸಾಲಿಗೆ ಹಾಕಬಾರದು.

ಈಗ ಹೋದ ವರ್ಷದ ಆ ಒಂದು ಅಂಕಿ

48,026 ಸರಿ ಅಂತ ನಾನು ಹೇಳಿದ್ದರ ಹಿಂದೆ ಒಂದು ಷರತ್ತಿದೆ. ಕಳೆದ ಆ 11,938 ಹೋದ ವರ್ಷ ನಿಮ್ಮ ರಿಟರ್ನ್‌ನಲ್ಲಿ ನಿಜವಾಗಿ ಬಂದಿರಬೇಕು. ಬ್ಯಾಂಕ್ ಅದನ್ನು ಹೋದ ವರ್ಷ ಲೆಕ್ಕಕ್ಕೆ ತೆಗೆದುಕೊಂಡಿದೆ. ನೀವು ತೆಗೆದುಕೊಂಡಿದ್ದೀರಾ ಅನ್ನುವುದು ಬೇರೆ ಪ್ರಶ್ನೆ.

2023–24ರ ರಿಟರ್ನ್ ತೆಗೆದು ಠೇವಣಿ ಬಡ್ಡಿಯ ಸಾಲು ನೋಡಿ. ಮೊದಲನೇ ಎಫ್‌ಡಿಯ 35,000 ಮತ್ತು ಮೂರನೆಯದರ 11,938 ಸೇರಿ 46,938 ಇದ್ದರೆ ಎಲ್ಲಾ ಸರಿ. ಅಲ್ಲಿಗೆ ಮುಗಿಯಿತು. ಬರೀ 35,000 ಇದ್ದರೆ ಆ 11,938ಕ್ಕೆ ಎರಡೂ ವರ್ಷ ತೆರಿಗೆ ತಪ್ಪಿದೆ ಅಂತ ಅರ್ಥ. ಪೋರ್ಟಲ್ ಈ ವರ್ಷ ತುಂಬಿಕೊಟ್ಟ ಅಂಕಿಯಲ್ಲಿ ಇದು ಗೊತ್ತಾಗುವುದಿಲ್ಲ.

ಹಾಗೆ ಆಗಿದ್ದರೆ ಎರಡು ದಾರಿಗಳಿವೆ. ಒಂದು, ಹೋದ ವರ್ಷಕ್ಕೆ ಅಪ್‌ಡೇಟೆಡ್ ರಿಟರ್ನ್ ಹಾಕಿ 11,938 ಸೇರಿಸುವುದು. ಬಾಕಿ ತೆರಿಗೆ, ಬಡ್ಡಿ ಎರಡೂ ಕಟ್ಟಬೇಕು. ಅವುಗಳ ಮೇಲೆ ಹೆಚ್ಚುವರಿ ತೆರಿಗೆಯೂ ಇದೆ: 31 ಮಾರ್ಚ್ 2026ರೊಳಗೆ ಹಾಕಿದರೆ ಶೇ 25, ಅದರ ಮುಂದಿನ ವರ್ಷವಾದರೆ ಶೇ 50. ನೀವು ಶೇ 20ರ ಹಂತದಲ್ಲಿದ್ದರೆ ಸೆಸ್ ಸೇರಿ 11,938ಕ್ಕೆ ತೆರಿಗೆ ಸುಮಾರು 2,483. ಅದರ ಮೇಲೆ ಆಗಲೇ ಹಿಡಿದಿದ್ದ ಸುಮಾರು 1,194 ಟಿಡಿಎಸ್ ಅನ್ನು ಹೋದ ವರ್ಷ ಪಡೆದಿಲ್ಲ ಎಂದಾದರೆ ಕಟ್ಟುವುದು ಇನ್ನೂ ಕಡಿಮೆಯಾಗುತ್ತೆ.

ಎರಡು, ಕೈಗೆ ಬಂದ ವರ್ಷದಲ್ಲೇ ಬಡ್ಡಿ ತೋರಿಸುವ ನಗದು ಪದ್ಧತಿ. ಬಡ್ಡಿ ಆದಾಯಕ್ಕೆ ಕಾನೂನು ಇದನ್ನೂ ಒಪ್ಪುತ್ತೆ, ಆದರೆ ಪ್ರತಿ ವರ್ಷ ಒಂದೇ ಪದ್ಧತಿ ಇರಬೇಕು. ಹಾಗೆ ಮಾಡಿದರೆ ಈ ವರ್ಷದ ಠೇವಣಿ ಬಡ್ಡಿ 49,372 ಆಗುತ್ತೆ. ಎರಡನೇ ಎಫ್‌ಡಿಯ 10,592 ಈಗ ಬರುವುದಿಲ್ಲ, ಅದರ ಅವಧಿ ಮುಗಿದ ವರ್ಷ ಪೂರ್ತಿ ಬರುತ್ತೆ. ಅದಕ್ಕೆ ಹಿಡಿದ 1,059 ಟಿಡಿಎಸ್ ಅನ್ನೂ ಆ ವರ್ಷಕ್ಕೆ ಒಯ್ಯಬೇಕು, ಈಗ ಪಡೆಯುವಂತಿಲ್ಲ. ತೊಂದರೆ ಏನೆಂದರೆ, ಪ್ರತಿ ವರ್ಷ ನಿಮ್ಮ ಅಂಕಿ ಎಐಎಸ್‌ಗೆ ಹೊಂದುವುದಿಲ್ಲ. ಕೇಳಿದಾಗೆಲ್ಲ ವಿವರಿಸುವ ಲೆಕ್ಕದ ಹಾಳೆ ನಿಮ್ಮ ಹತ್ತಿರ ಇರಬೇಕು. ಈಗ ಸಲ್ಲಿಸಿರುವ ರಿಟರ್ನ್ ಅಕ್ರೂಡ್ ಪದ್ಧತಿಯಲ್ಲಿದೆ, ಎಐಎಸ್ ಕೂಡ ಹಾಗೇ ಇದೆ. ಬೆರಳೆಣಿಕೆಯ ಎಫ್‌ಡಿ ಇರುವವರಿಗೆ ಮೊದಲನೇ ದಾರಿಯನ್ನೇ ನಾನು ಹೇಳುವುದು. ಸ್ವಲ್ಪ ದುಡ್ಡು ಹೋಗುತ್ತೆ, ಆದರೆ ವಿಷಯ ಅಲ್ಲಿಗೇ ಮುಗಿಯುತ್ತೆ.

ಮಾಡಬೇಕಾದದ್ದು

ಮೊದಲು ಆ ಮಸುಕು ಫೋಟೋ ಬಿಟ್ಟುಬಿಡಿ. ನಿಮ್ಮ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ಬಡ್ಡಿ ಸರ್ಟಿಫಿಕೇಟ್ ಸಿಗುವುದಾದರೆ ಪಿಡಿಎಫ್ ಇಳಿಸಿಕೊಳ್ಳಿ. ಇಲ್ಲದಿದ್ದರೆ ತಮ್ಮನಿಗೆ ಹೇಳಿ, ಹಾಳೆಯನ್ನು ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟು, ನಾಲ್ಕೂ ಮೂಲೆ ಬರುವ ಹಾಗೆ ಫೋಟೋ ತೆಗೆದು, ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಆಗ ಅದು ಕುಗ್ಗುವುದಿಲ್ಲ. ಬಂದ ಮೇಲೆ ಅಂಕಿಗಿಂತ ಮೊದಲು ಮೇಲಿನ ಭಾಗ ಓದಿ: ಅವಧಿ 1 ಏಪ್ರಿಲ್ 2024ರಿಂದ 31 ಮಾರ್ಚ್ 2025 ಇದೆಯಾ, ಪಾನ್ ನಿಮ್ಮದೇನಾ, ಒಂದನೇ ಪುಟವಾದರೆ ಎರಡನೇ ಪುಟ ಎಲ್ಲಿ. ಜಂಟಿ ಎಫ್‌ಡಿ ಇದ್ದರೆ ಮೊದಲ ಹೆಸರು ಯಾರದ್ದು ಅನ್ನುವುದನ್ನೂ ನೋಡಿ. ಸಾಮಾನ್ಯವಾಗಿ ಬ್ಯಾಂಕ್ ಆ ಹೆಸರಿನ ಪಾನ್‌ಗೇ ಬಡ್ಡಿ ತೋರಿಸುತ್ತೆ.

ಕೊನೆಯ ಸಾಲಿನಲ್ಲಿ ಒಟ್ಟು 48,026 ಕಂಡರೆ ಎಫ್‌ಡಿ ಬಡ್ಡಿಗೆ ಕೈ ಹಾಕಬೇಡಿ. ಗಾಬರಿಯಲ್ಲಿ 71,902 ಅಂತ ಬದಲಿಸಿದರೆ ಇಲ್ಲದ ಆದಾಯಕ್ಕೆ ತೆರಿಗೆ ಕಟ್ಟುತ್ತೀರಿ. ಸರ್ಟಿಫಿಕೇಟನ್ನು ರಿಟರ್ನ್ ಜೊತೆ ಕಳಿಸಬೇಕಾಗಿಲ್ಲ, ನಿಮ್ಮ ಹತ್ತಿರ ಇದ್ದರೆ ಸಾಕು.

ಎಸ್‌ಬಿ ಬಡ್ಡಿಯ 450 ಸರಿಪಡಿಸಲು ಪರಿಷ್ಕೃತ ರಿಟರ್ನ್ ಹಾಕಬಹುದು. ಅದಕ್ಕೆ 31 ಡಿಸೆಂಬರ್ 2025 ಕೊನೆಯ ದಿನ. ಮೊದಲಿನ ರಿಟರ್ನ್‌ನ ಸ್ವೀಕೃತಿ ಸಂಖ್ಯೆ, ದಿನಾಂಕ ಬೇಕು. ಆದಾಯದ ಸಾಲಿನಲ್ಲೂ 80ಟಿಟಿಎ ಸಾಲಿನಲ್ಲೂ 6,831 ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ. ತೆರಿಗೆ ಬದಲಾಗದಿದ್ದ ಮೇಲೆ ಯಾಕೆ ಬೇಕು ಅಂತ ನೀವು ಕೇಳಬಹುದು. ಎಐಎಸ್‌ಗಿಂತ ಕಡಿಮೆ ಅಂಕಿ ಇರುವುದರಿಂದ ವ್ಯತ್ಯಾಸ ತಿಳಿಸುವ ಸಂದೇಶ ಬರುವ ಸಾಧ್ಯತೆ ಇದೆ. ಆಗ ಉತ್ತರ ಕೊಡುವುದಕ್ಕಿಂತ ಈಗ ಸರಿಮಾಡುವುದು ಸುಲಭ. ಆದರೆ ಹೋದ ವರ್ಷದ ರಿಟರ್ನ್ ನೋಡುವ ಮೊದಲು ಇದಕ್ಕೆ ಕೈ ಹಾಕಬೇಡಿ. ನಗದು ಪದ್ಧತಿಯ ದಾರಿ ಹಿಡಿಯುವುದಾದರೆ ಈ ವರ್ಷದ ಎಫ್‌ಡಿ ಅಂಕಿಯೂ ಬದಲಾಗುತ್ತೆ. ಎರಡನ್ನೂ ಒಂದೇ ಪರಿಷ್ಕೃತ ರಿಟರ್ನ್‌ನಲ್ಲಿ ಮುಗಿಸಬಹುದು.